ಮಗಳಿಗೆ ದಿನಾ ಏಳು ಗಂಟೆಗೆ ಅಪ್ಪನ ಮೆಸೇಜು: ಈ ಕತೆ ನಂಬೋ ಹಾಗಿದೆಯಾ?

ಕಡಲೆಪುರಿ
ಒಂದು ಸಣ್ಣ ಕತೆ ಬರೆದಿದ್ದೇನೆ. ಪೂರ್ತಿ ಹಾಕಿದರೆ ಯಾರೂ ಓದಲ್ಲ, ಅದಕ್ಕೆ ಸಾರ ಮಾತ್ರ ಹೇಳ್ತೀನಿ.

ದಾವಣಗೆರೆಯಲ್ಲಿ ಒಬ್ಬರು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಹೆಂಡತಿ ತೀರಿಹೋಗಿದ್ದಾರೆ. ಒಬ್ಬಳೇ ಮಗಳು, ನ್ಯೂಜೆರ್ಸಿಯಲ್ಲಿ ಕೆಲಸ. ಅಪ್ಪ ದಿನಾ ಅವಳ ಬೆಳಗ್ಗೆ ಏಳು ಗಂಟೆಗೆ ಸರಿಯಾಗಿ ಒಂದು ವಾಟ್ಸಾಪ್ ಮೆಸೇಜು ಕಳಿಸ್ತಾರೆ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಅಲ್ಲ. ಅವತ್ತಿನ ಪೇಪರಿನ ಪದಬಂಧದಿಂದ ಒಂದೇ ಒಂದು ಸುಳಿವು. ಅವಳು ರೈಲಿನಲ್ಲಿ ಕೂತು ಯೋಚನೆ ಮಾಡಿ ಉತ್ತರ ಕಳಿಸ್ತಾಳೆ. ಎರಡು ವರ್ಷದಿಂದ ಇದು ಒಂದು ದಿನವೂ ತಪ್ಪಿಲ್ಲ.

ಒಂದು ದಿನ ಅಪ್ಪ ತೀರಿಕೊಳ್ತಾರೆ. ಅವಳು ಬಂದು, ಎಲ್ಲ ಕಾರ್ಯ ಮುಗಿಸಿ, ವಾಪಸ್ ಹೋಗ್ತಾಳೆ. ಹೋದ ಮಾರನೇ ದಿನ ಬೆಳಗ್ಗೆ ಏಳಕ್ಕೆ ಫೋನ್ ಟಣ್ ಅನ್ನುತ್ತೆ. ಅಪ್ಪನ ಮೆಸೇಜು! ಅವರು ಮೊದಲೇ ಶೆಡ್ಯೂಲ್ ಮಾಡಿಟ್ಟಿದ್ದರು.

ಹೀಗೆ ಆಗೋಕೆ ಸಾಧ್ಯವಾ? ಮತ್ತೆ, ಮುಕ್ತಾಯ ಹೇಗಿದೆ? ಮುಲಾಜಿಲ್ಲದೆ ಹೇಳಿ.

ಸುಮ್ನೆ_ಒಬ್ಬ
ಮುಕ್ತಾಯ ಮೂರನೇ ಸಾಲಿನಲ್ಲೇ ಗೊತ್ತಾಯ್ತು. ಕತೆಯಲ್ಲಿ ಒಂಟಿ ಅಪ್ಪ ಬಂದರೆ ಸಾಯಲೇಬೇಕು ಅಂತ ಕಾನೂನಿದೆಯಾ?

ತುಂಗೆಯ_ದಡ
ವಾಟ್ಸಾಪಲ್ಲಿ ಶೆಡ್ಯೂಲ್ ಇದೆ ರೀ, ಏನೂ ತೊಂದರೆ ಇಲ್ಲ. ನಮ್ಮ ಅಂಗಡಿ ನಂಬರಿನಲ್ಲಿ ರಾತ್ರಿ ಒಂಬತ್ತರ ಮೇಲೆ ತಾನಾಗೇ ಮೆಸೇಜು ಹೋಗುತ್ತೆ. ಟೈಮ್ ಸೆಟ್ ಮಾಡಿದರೆ ಮುಗೀತು.

ಗಡಿಯಾರದ_ಮಾಮ
ತುಂಗೆಯವರೇ, ನಿಮ್ಮದು ಬಿಸಿನೆಸ್ ವಾಟ್ಸಾಪು. ಅದರಲ್ಲಿ ಇರೋದು ಯಾರಾದರೂ ನಿಮಗೆ ಮೆಸೇಜು ಮಾಡಿದರೆ 'ಅಂಗಡಿ ಮುಚ್ಚಿದೆ' ಅಂತ ತಾನೇ ಉತ್ತರ ಕೊಡೋದು. ಯಾವ ಹೊತ್ತಿನಲ್ಲಿ ಉತ್ತರ ಕೊಡಬೇಕು ಅನ್ನೋದಕ್ಕೆ ಮಾತ್ರ ಟೈಮ್ ಸೆಟ್ ಮಾಡ್ತೀರಿ. ಎದುರಿನವರು ಮೊದಲು ಬಾಗಿಲು ತಟ್ಟಬೇಕು. ಮೇಷ್ಟ್ರ ಕತೆಗೆ ಅದು ಆಗಲ್ಲ.

ಮೇಷ್ಟ್ರ ಹತ್ತಿರ ಇರೋದು ಮಾಮೂಲಿ ಆಂಡ್ರಾಯ್ಡ್ ಫೋನು, ಮಾಮೂಲಿ ವಾಟ್ಸಾಪು ಅಂತ ಇಟ್ಟುಕೊಳ್ಳಿ. ಅದಕ್ಕೆ ಶೆಡ್ಯೂಲ್ ಮಾಡೋಕೆ ಬೇರೆ ಆಪ್ ಹಾಕ್ತಾರೆ. ಆ ಆಪ್ ಏನು ಮಾಡುತ್ತೆ ಗೊತ್ತಾ? ಟೈಮ್ ಆದಾಗ ನಮ್ಮ ಬದಲು ತಾನೇ ವಾಟ್ಸಾಪ್ ತೆರೆದು, ಟೈಪ್ ಮಾಡಿ, ಬಟನ್ ಒತ್ತುತ್ತೆ. ಅಂದರೆ ಫೋನ್ ಆನ್ ಇರಬೇಕು, ನೆಟ್ ಇರಬೇಕು, ಸ್ಕ್ರೀನಿಗೆ ಲಾಕ್ ಇರಬಾರದು. ಬ್ಯಾಟರಿ ಉಳಿಸ್ತೀನಿ ಅಂತ ಫೋನೇ ಆ ಆಪನ್ನು ಮುಚ್ಚಿಬಿಟ್ಟರೆ ಅಲ್ಲಿಗೆ ಕತೆ ಮುಗೀತು. ನಾನು ಇದನ್ನು ಬಾಡಿಗೆ ನೆನಪಿಸೋಕೆ ಹಾಕಿದ್ದೆ. ಎರಡು ತಿಂಗಳು ಹೋಯ್ತು, ಮೂರನೇ ತಿಂಗಳು ಸದ್ದಿಲ್ಲ.

ಈಗ ನನ್ನ ಪ್ರಶ್ನೆ. ಮನೆಗೆ ಬೀಗ. ಮಗಳು ನ್ಯೂಜೆರ್ಸಿಯಲ್ಲಿ. ತೀರಿಹೋದವರ ಫೋನನ್ನು ದಿನಾ ಚಾರ್ಜಿಗೆ ಹಾಕ್ತಿರೋದು ಯಾರು?

ಬೆಣ್ಣೆದೋಸೆ
ಅಯ್ಯೋ ಮಾಮ, ಆ ಕೊನೇ ಪ್ರಶ್ನೆಯೇ ಒಂದು ಕತೆ. ಹೊರಗೆ ಬೀಗ, ಒಳಗೆ ಫೋನ್ ಚಾರ್ಜ್ ಆಗ್ತಿದೆ. ದೆವ್ವದ ಕತೆ ಮಾಡಿಬಿಡಿ.

ಕಡಲೆಪುರಿ
ಹ್ಹಹ್ಹ, ದೆವ್ವ ಬೇಡ. ಹಾಗಾದರೆ ವಾಟ್ಸಾಪ್ ಬಿಟ್ಟು ಬೇರೆ ಏನು ಇಡಬಹುದು?

ಗಡಿಯಾರದ_ಮಾಮ
ಟೆಲಿಗ್ರಾಂ ಇಡಿ. ಬರೆದು ಕಳಿಸೋ ಬಟನ್ನನ್ನು ಒತ್ತಿ ಹಿಡಿದರೆ ಶೆಡ್ಯೂಲ್ ಬರುತ್ತೆ, ದಿನ ಮತ್ತೆ ಟೈಮ್ ಆರಿಸಬೇಕು. ಮೆಸೇಜು ಫೋನಲ್ಲಿ ಕೂತಿರಲ್ಲ, ಅವರ ಸರ್ವರಿನಲ್ಲಿ ಕೂತಿರುತ್ತೆ. ಆಮೇಲೆ ಫೋನ್ ಆಫ್ ಆದರೂ ಹೋಗುತ್ತೆ. ಒಬ್ಬರಿಗೆ ನೂರು ಮೆಸೇಜಿನ ತನಕ ಸಾಲಾಗಿ ಇಡಬಹುದು, ಒಂದು ವರ್ಷ ಮುಂದಿನ ದಿನಾಂಕದ ತನಕ. ಹೀಗೆ ಬಂದಿದ್ದು ಅಂತ ಓದೋರಿಗೆ ಎಲ್ಲೂ ತೋರಿಸಲ್ಲ. ಕೈಯಿಂದ ಕಳಿಸಿದ ಹಾಗೇ ಕಾಣುತ್ತೆ.

ಆದರೆ ಕಡಲೆಪುರಿಯವರೇ, ನಿಮ್ಮ ಕತೆಯಲ್ಲಿ ಇದಕ್ಕಿಂತ ದೊಡ್ಡ ತೂತಿದೆ. ದಿನಾ ಅವಳ ಏಳು ಗಂಟೆಗೆ, ಎರಡು ವರ್ಷ, ಒಂದು ದಿನ ತಪ್ಪದೆ ಅಂದಿರಿ. ಚಳಿಗಾಲದಲ್ಲಿ ನ್ಯೂಜೆರ್ಸಿ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅವಳ ಬೆಳಗ್ಗೆ ಏಳು ಅಂದರೆ ನಮ್ಮ ಸಂಜೆ ಐದೂವರೆ. ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ. ಆಮೇಲೆ ಅವಳ ಏಳು ನಮ್ಮ ನಾಲ್ಕೂವರೆ. ನವೆಂಬರ್ ಮೊದಲ ಭಾನುವಾರ ಮತ್ತೆ ಐದೂವರೆಗೆ ಬರುತ್ತೆ. ನಮ್ಮಲ್ಲಿ ಆ ಗೋಜಿಲ್ಲ.

ಕೈಯಿಂದ ಕಳಿಸೋ ಅಪ್ಪ ಅದನ್ನು ನೆನಪಿಟ್ಟು ಬದಲಾಯಿಸ್ತಾನೆ. ನಮ್ಮ ಐದೂವರೆ ಅಂತ ಫೆಬ್ರವರಿಯಲ್ಲೇ ಇಟ್ಟಿರೋ ಶೆಡ್ಯೂಲ್ ಬದಲಾಗಲ್ಲ. ಅದು ಅವಳಿಗೆ ಎಂಟಕ್ಕೆ ತಲುಪುತ್ತೆ.

ಸುಮ್ನೆ_ಒಬ್ಬ
ಇದು ತೂತಲ್ಲ ಮಾಮ. ಇದೇ ಕತೆ! ಮೆಸೇಜು ಒಂದು ಗಂಟೆ ತಡ ಆಗಿ ಬಂದಿದ್ದಕ್ಕೇ ಮಗಳಿಗೆ ಅನುಮಾನ ಬರಬೇಕು. ಅಪ್ಪ ಬದುಕಿದ್ದಾಗಲೇ.

ಲೆಸ್ಟರ್_ಕನ್ನಡಿಗ
ನಮ್ಮ ಬ್ರಿಟನ್‌ನಲ್ಲಿ ಮಾರ್ಚ್ ಕೊನೇ ಭಾನುವಾರ ತಿರುಗಿಸೋದು. ಅಮೆರಿಕಕ್ಕೂ ನಮಗೂ ಮಧ್ಯೆ ಎರಡು ಮೂರು ವಾರ ಎಲ್ಲ ಎಡವಟ್ಟು. ನಮ್ಮಮ್ಮ ಇವತ್ತಿಗೂ 'ನಿಮ್ಮ ಊರಿನ ಗಡಿಯಾರ ರಿಪೇರಿ ಆಯ್ತಾ' ಅಂತಲೇ ಕೇಳೋದು.

ಮರಳುಗಾಡಿನ_ಮಲ್ಲಿಗೆ
ದುಬೈಗೆ ಬನ್ನಿ, ವರ್ಷವಿಡೀ ಒಂದೂವರೆ ಗಂಟೆ ಅಷ್ಟೇ. ಅಂದ ಹಾಗೆ ನನಗೂ ಅಪ್ಪನಿಗೆ ದಿನಾ ಮಾತ್ರೆ ನೆನಪಿಸೋ ಮೆಸೇಜು ಶೆಡ್ಯೂಲ್ ಮಾಡಬೇಕಿತ್ತು. ಅವರು ಓದಿದರೋ ಇಲ್ಲವೋ ಗೊತ್ತಾಗೋ ಆಪ್ ಯಾವುದಾದರೂ ಇದೆಯಾ?

ಬೆಣ್ಣೆದೋಸೆ
ಮಲ್ಲಿಗೆ ಅವರೇ, ಇಲ್ಲಿ ಅಪ್ಪ ಮಗಳಿಗೆ ಕಳಿಸೋದು, ಅದೂ ಕತೆಯಲ್ಲಿ. ನಿಮ್ಮ ಪ್ರಶ್ನೆಗೆ ಬೇರೆ ಎಳೆ ತೆರೆಯಿರಿ. (ಮಾತ್ರೆಗೆ ಆಪ್ ಬೇಡ, ಅಲಾರಂ ಸಾಕು. ಮೆಸೇಜು ಓದಿದ ಮಾತ್ರಕ್ಕೆ ಮಾತ್ರೆ ನುಂಗಿದ ಹಾಗಲ್ಲ.)

ಕಡಲೆಪುರಿ
ಅಪ್ಪನನ್ನು ಬದುಕಿಸೋಣ ಅಂತ ನನಗೂ ಅನ್ನಿಸ್ತಿದೆ. ಆದರೆ ಬದುಕಿರೋ, ರಿಟೈರ್ ಆಗಿರೋ, ಕೈಯಲ್ಲಿ ಬೇಕಾದಷ್ಟು ಟೈಮ್ ಇರೋ ಮನುಷ್ಯ ಯಾಕೆ ಶೆಡ್ಯೂಲ್ ಮಾಡ್ತಾನೆ?

ರಾತ್ರಿಪಾಳಿ
ಡಯಾಲಿಸಿಸ್.

ಕಡಲೆಪುರಿ
ಸ್ವಲ್ಪ ಬಿಡಿಸಿ ಹೇಳ್ತೀರಾ?

ರಾತ್ರಿಪಾಳಿ
ನಮ್ಮಮ್ಮನನ್ನು ನಾಲ್ಕು ವರ್ಷ ಕರೆದುಕೊಂಡು ಹೋಗಿದ್ದೇನೆ, ಅದಕ್ಕೆ ಥಟ್ಟನೆ ಅದೇ ಬಾಯಿಗೆ ಬಂತು. ವಾರಕ್ಕೆ ಮೂರು ಸಲ, ಒಂದು ಸಲಕ್ಕೆ ನಾಲ್ಕು ಗಂಟೆ. ಸೋಮ, ಬುಧ, ಶುಕ್ರ ಒಂದು ಗುಂಪು. ಮಂಗಳ, ಗುರು, ಶನಿ ಇನ್ನೊಂದು. ಪಾಳಿ ಸಿಕ್ಕಿದ ಮೇಲೆ ಅದೇ ಪಾಳಿ. ನಿಮ್ಮ ಮೇಷ್ಟ್ರಿಗೆ ಸಂಜೆ ಪಾಳಿ ಸಿಕ್ಕಿದೆ ಅನ್ನಿ. ಮೂರಕ್ಕೆ ಹೋಗಿ, ತೂಕ ನೋಡಿ, ಮೂರೂವರೆಗೆ ಹಾಸಿಗೆ ಮೇಲೆ. ಬಿಡಿಸಿಕೊಂಡು ಎದ್ದೇಳೋ ಹೊತ್ತಿಗೆ ಏಳೂವರೆ, ಎಂಟು. ಐದೂವರೆಗೂ ಮೆಷಿನ್ನಿನಲ್ಲೇ, ನಾಲ್ಕೂವರೆಗೂ ಮೆಷಿನ್ನಿನಲ್ಲೇ.

ಹೊಸದರಲ್ಲಿ ಬಿಪಿ ಇಳಿದು ಕಣ್ಣು ಮಂಜಾಗೋದು, ಕಾಲು ಹಿಡ್ಕೊಳ್ಳೋದು ಮಾಮೂಲು. ನಮ್ಮಮ್ಮನಿಗೆ ಎರಡನೇ ಗಂಟೆ ಕಳೆದ ಮೇಲೆ ಹೊದಿಕೆ ಹೊದ್ದರೂ ನಡುಕ ಬರ್ತಿತ್ತು. ಆ ಹೊತ್ತಿನಲ್ಲಿ ಪದಬಂಧದ ಸುಳಿವು ಟೈಪ್ ಮಾಡೋಕೆ ಆಗಲ್ಲ. ಮಗಳಿಗೆ ಹೇಳಿಲ್ಲ, ಹೇಳಿದರೆ ಕೆಲಸ ಬಿಟ್ಟು ಓಡಿ ಬರ್ತಾಳೆ. ಅದಕ್ಕೆ ಆ ಮೂರು ದಿನದ್ದು ಮಾತ್ರ ಮೊದಲೇ ಇಟ್ಟಿರ್ತಾರೆ.

ಕಡಲೆಪುರಿ
ಮೈ ಜುಮ್ ಅಂತು. ಎಡಗೈಗೆ ಸೂಜಿ ಚುಚ್ಚಿರೋದರಿಂದ ಫೋನ್ ಹಿಡಿಯೋಕೆ ಆಗಲ್ಲ ಅಂತಲೂ ಸೇರಿಸ್ತೀನಿ.

ರಾತ್ರಿಪಾಳಿ
ಅಲ್ಲಿ ಹುಷಾರು. ಸೂಜಿ ಹಾಕೋಕೆ ಅಂತ ಕೈಯ ಎರಡು ರಕ್ತನಾಳ ಸೇರಿಸಿ ಹೊಲೀತಾರೆ, ಅದಕ್ಕೆ ಫಿಸ್ಟುಲಾ ಅಂತಾರೆ. ಬರೆಯೋ ಕೈ ಬಿಟ್ಟು ಇನ್ನೊಂದು ಕೈಗೇ ಅದನ್ನು ಮಾಡೋದು, ಆದಷ್ಟೂ. ಬಲಗೈ ಖಾಲಿ ಇರುತ್ತೆ. ಪಕ್ಕದ ಹಾಸಿಗೆಯವರು ನಾಲ್ಕು ಗಂಟೆಯೂ ಬಲಗೈಯಲ್ಲಿ ಫೋನ್ ನೋಡ್ತಿದ್ದರು. ಕೈ ಆಡಲ್ಲ ಅನ್ನಬೇಡಿ, ಮೈ ಸುಸ್ತು ಅನ್ನಿ.

ಇನ್ನೊಂದು ವಿಷಯ. ಫಿಸ್ಟುಲಾ ಮಾಡಿದ ತಕ್ಷಣ ಬಳಸೋಕೆ ಆಗಲ್ಲ. ನಾಳ ಗಟ್ಟಿಯಾಗೋಕೆ ಒಂದೂವರೆ ಎರಡು ತಿಂಗಳು ಬೇಕು, ಕೆಲವರಿಗೆ ಜಾಸ್ತಿ. ಅಲ್ಲಿತನಕ ಕುತ್ತಿಗೆ ಹತ್ತಿರ ಪೈಪ್ ಹಾಕಿರ್ತಾರೆ, ಬ್ಯಾಂಡೇಜ್ ಸಮೇತ. ವಿಡಿಯೋ ಕಾಲ್ ಮಾಡಿದರೆ ಕಾಣುತ್ತೆ. ಮೇಷ್ಟ್ರು ಅದನ್ನು ಹೇಗೆ ಮುಚ್ಚಿಟ್ಟರು?

ಬೆಣ್ಣೆದೋಸೆ
ಮಫ್ಲರ್. ಜನವರಿಯಲ್ಲಿ ಸುತ್ತಿಕೊಂಡರೆ ಯಾರೂ ಕೇಳಲ್ಲ. ಮಾರ್ಚಿನಲ್ಲಿ ಸುತ್ತಿಕೊಂಡರೆ ದಾವಣಗೆರೆಯವರು ಬೀದಿಯಲ್ಲೇ ನಿಲ್ಲಿಸಿ ಕೇಳ್ತಾರೆ. ನಮ್ಮೂರಿನ ಮಾರ್ಚ್ ಸೆಖೆ ನಿಮಗೆ ಗೊತ್ತಿಲ್ಲ.

ಸುಮ್ನೆ_ಒಬ್ಬ
ಮಗಳಿಗೆ ಗೊತ್ತಿರುತ್ತಲ್ಲ! 'ಫ್ಯಾನಿನ ಗಾಳಿ ಕಣಮ್ಮ' ಅಂತಾನೆ ಅಪ್ಪ. ಅವಳು ನಂಬ್ತಾಳೆ. ನಂಬಿದ್ದೇ ಆಮೇಲೆ ಚುಚ್ಚೋದು.

ಗಡಿಯಾರದ_ಮಾಮ
ಈಗ ಲೆಕ್ಕ ಕೂಡಿಸೋಣ, ಕ್ಯಾಲೆಂಡರ್ ತೆಗೆದುಕೊಂಡು ಕೂತಿದ್ದೇನೆ. 2025 ಅಂತ ಇಟ್ಟುಕೊಳ್ಳಿ. ಮಾರ್ಚ್ 1ರಂದು ಮೇಷ್ಟ್ರು ಇಡೀ ತಿಂಗಳ ಸೋಮ, ಬುಧ, ಶುಕ್ರದ ಮೆಸೇಜನ್ನೆಲ್ಲ ಸಂಜೆ ಐದೂವರೆಗೆ ಅಂತ ಇಟ್ಟರು. ಮಾರ್ಚ್ 9, ಭಾನುವಾರ, ಅಲ್ಲಿ ಗಡಿಯಾರ ತಿರುಗಿತು. ಭಾನುವಾರ ಡಯಾಲಿಸಿಸ್ ಇಲ್ಲ, ಮೇಷ್ಟ್ರು ನೆನಪಿಟ್ಟುಕೊಂಡು ನಾಲ್ಕೂವರೆಗೇ ಕೈಯಿಂದ ಕಳಿಸಿದರು. ಅವಳಿಗೆ ಏಳಕ್ಕೆ ಸರಿಯಾಗಿ ಬಂತು. 10ನೇ ತಾರೀಖು ಸೋಮವಾರ ಎಂಟಕ್ಕೆ ಬಂತು. ಮಂಗಳವಾರ ಏಳಕ್ಕೆ. ಬುಧವಾರ ಎಂಟಕ್ಕೆ.

ಅರ್ಥ ಆಯ್ತಾ? ಬರೀ ತಡ ಆದರೆ 'ಅಪ್ಪ ಮರೆತಿದ್ದಾರೆ' ಅಂತ ಬಿಡಬಹುದು. ದಿನ ಬಿಟ್ಟು ದಿನ ತಡ ಆದರೆ ಏನೋ ಇದೆ. 10ರಿಂದ 31ರ ತನಕ ಎಣಿಸಿದರೆ ಹತ್ತು ಮೆಸೇಜು ಎಂಟಕ್ಕೆ ಬಂದಿರುತ್ತೆ. ಹತ್ತೂ ಸೋಮ, ಬುಧ, ಶುಕ್ರ. ಯಾರ ಮನೆಯಲ್ಲಾದರೂ ಡಯಾಲಿಸಿಸ್ ನೋಡಿದೋರಿಗೆ ಆ ಮೂರು ದಿನ ಒಟ್ಟಿಗೆ ಕಂಡರೆ ಸಾಕು.

ರಾತ್ರಿಪಾಳಿ
ಹೌದು, ಸಾಕು.

ತುಂಗೆಯ_ದಡ
ಒಂದು ಡೌಟು. ಟೆಲಿಗ್ರಾಂನಲ್ಲಿ 'ಆನ್‌ಲೈನ್ ಬಂದಾಗ ಕಳಿಸು' ಅಂತಲೂ ಇದೆಯಲ್ಲ? ಅದನ್ನಿಟ್ಟರೆ ಗಡಿಯಾರದ ತಲೆನೋವೇ ಇಲ್ಲ. ಈ ಸಲ ನಾನು ಸರಿ.

ಗಡಿಯಾರದ_ಮಾಮ
ಇದೆ, ಅರ್ಧ ಸರಿ. ಅವಳು ಯಾವಾಗ ಆನ್‌ಲೈನ್ ಇರ್ತಾಳೆ ಅನ್ನೋದು ಅಪ್ಪನಿಗೆ ಕಾಣೋ ಹಾಗೆ ಅವಳು ಬಿಟ್ಟಿರಬೇಕು. ಬಿಟ್ಟಿದ್ದರೂ ಅದಕ್ಕೆ ದಿನಾಂಕ ಇರಲ್ಲ. ಹದಿಮೂರು ಮೆಸೇಜು ಹಾಗೆ ಇಟ್ಟರೆ ಅವಳು ಮೊದಲ ಸಲ ಆಪ್ ತೆರೆದಾಗಲೇ ಹದಿಮೂರೂ ದಬದಬ ಅಂತ ಬೀಳುತ್ತೆ. ಮೇಷ್ಟ್ರ ಗುಟ್ಟು ಅಲ್ಲಿಗೇ ರಟ್ಟು.

ಬೆಣ್ಣೆದೋಸೆ
ಹದಿಮೂರು ಸುಳಿವು ಒಟ್ಟಿಗೆ ಬಿದ್ದ ದೃಶ್ಯ ತಮಾಷೆಯಾಗಿದೆ ಆದರೂ.

ಪದಬಂಧ_ಪ್ರಿಯೆ
ಎಲ್ಲರೂ ಗಡಿಯಾರ ನೋಡ್ತಿದ್ದೀರಿ, ಪದಬಂಧ ಯಾರೂ ನೋಡ್ತಿಲ್ಲ. ಅವತ್ತಿನ ಪೇಪರಿನ ಸುಳಿವು ತಾನೇ ಕಳಿಸೋದು? ಮಾರ್ಚ್ 1ರಂದು ಕೂತವರಿಗೆ 26ರ ಪೇಪರಿನ ಸುಳಿವು ಎಲ್ಲಿಂದ ಬರುತ್ತೆ?

ಕಡಲೆಪುರಿ
ಅಯ್ಯೋ! ನಾನೇ ಬರೆದು ನಾನೇ ಮರೆತಿದ್ದೆ.

ಪದಬಂಧ_ಪ್ರಿಯೆ
ಅದಕ್ಕೆ ಆ ಮೂರು ದಿನದ ಸುಳಿವನ್ನು ಮೇಷ್ಟ್ರು ತಾವೇ ಕಟ್ಟಬೇಕು. ಬೇರೆ ದಾರಿ ಇಲ್ಲ. ತಾವೇ ಕಟ್ಟಿದರೆ ಜಾಡೇ ಬೇರೆ ಇರುತ್ತೆ. ಪೇಪರಿನ ಸುಳಿವು ಸಾಮಾನ್ಯವಾಗಿ ನೇರ: 'ಕಮಲ, ಪಂಕಜ (3)' ಅಂದರೆ ತಾವರೆ. ಕನ್ನಡ ಮೇಷ್ಟ್ರು ಕಟ್ಟಿದರೆ ಕೀಟಲೆ ಬರುತ್ತೆ: 'ಹಿಂದಿನಿಂದ ಓದಿದರೂ ಹೊಸ ಬದುಕೇ (5)'.

ದಿನಾ ಬಿಡಿಸೋರಿಗೆ ಆ ವ್ಯತ್ಯಾಸ ಎರಡೇ ವಾರದಲ್ಲಿ ಗೊತ್ತಾಗುತ್ತೆ. ಮಗಳು ಮೊದಮೊದಲು 'ಇತ್ತೀಚೆಗೆ ಪೇಪರಿನವರು ಚೆನ್ನಾಗಿ ಕಟ್ತಿದ್ದಾರೆ ಅಪ್ಪ' ಅಂತ ಬರೀಬೇಕು. ಅಪ್ಪನಿಗೆ ಒಳಗೊಳಗೇ ಖುಷಿ ಆಗಿರುತ್ತೆ ಪಾಪ.

ಲೆಸ್ಟರ್_ಕನ್ನಡಿಗ
ನವಜೀವನ!

ಸುಮ್ನೆ_ಒಬ್ಬ
ಸ್ವಲ್ಪ ಯೋಚನೆ ಮಾಡೋಕೆ ಬಿಡಿ ಸ್ವಾಮಿ.

ಬೆಣ್ಣೆದೋಸೆ
ಇನ್ನೊಂದು ಸೇರಿಸಿ. 2025ರಲ್ಲಿ ಯುಗಾದಿ ಮಾರ್ಚ್ 30, ಭಾನುವಾರ. ಯುಗಾದಿ ಮಾರನೇ ದಿನ ನಮ್ಮ ಮನೆಗೆ ಪೇಪರ್ ಬರಲ್ಲ, ಹಬ್ಬದ ರಜೆ. ಮಾಮನ ಪಟ್ಟಿಯ ಕೊನೇ ಮೆಸೇಜು 31, ಸೋಮವಾರ! ಪೇಪರೇ ಇಲ್ಲದ ದಿನ 'ಇವತ್ತಿನ ಪೇಪರಿನದು' ಅಂತ ಸುಳಿವು ಬರುತ್ತೆ.

ತುಂಗೆಯ_ದಡ
ಮೇಷ್ಟ್ರು ಹಿಂದಿನ ದಿನದ ಪೇಪರ್ ನೋಡಿ ಕಳಿಸಿರಬಹುದಲ್ಲ. ಮಗಳು ಅಷ್ಟಕ್ಕೆಲ್ಲ ಅನುಮಾನ ಪಡ್ತಾಳಾ?

ಬೆಣ್ಣೆದೋಸೆ
ಒಂದಕ್ಕೇ ಪಡಲ್ಲ. ಎಂಟು ಗಂಟೆ, ಮಫ್ಲರ್, ಸುಳಿವಿನ ಜಾಡು, ಎಲ್ಲ ಆದ ಮೇಲೆ ಇದು.

ಹಳೇ_ಪೋಸ್ಟು
ತಡವಾಗಿ ಬಂದೆ. ನಾನು ತಂತಿ ಆಫೀಸಿನಲ್ಲಿ ಇದ್ದವನು. 2013ರ ಜುಲೈಯಲ್ಲಿ ತಂತಿ ನಿಂತಿತಲ್ಲ, ಅಲ್ಲಿಯವರೆಗೆ. ಶುಭಾಶಯಕ್ಕೆ ಸಿದ್ಧ ವಾಕ್ಯಗಳ ಪಟ್ಟಿ ಇರ್ತಿತ್ತು, ಒಂದೊಂದಕ್ಕೆ ಒಂದೊಂದು ನಂಬರು. ಮದುವೆಗೆ ಒಂದು, ಹಬ್ಬಕ್ಕೆ ಒಂದು. ಜನ ನಂಬರ್ ಹೇಳ್ತಿದ್ದರು, ನಾವು ಆ ನಂಬರನ್ನೇ ಕಳಿಸ್ತಿದ್ದೆವು. ಅಲ್ಲಿ ತಲುಪಿದ ಮೇಲೆ ವಾಕ್ಯ ಆಗ್ತಿತ್ತು. ಯಾರೋ ಮೊದಲೇ ಬರೆದಿಟ್ಟ ಮಾತು ಅಂತ ಯಾರೂ ಬೇಜಾರು ಮಾಡ್ಕೊಳ್ತಿರಲಿಲ್ಲ, ಮದುಮಕ್ಕಳ ಮುಂದೆ ಗಟ್ಟಿಯಾಗಿ ಓದ್ತಿದ್ದರು. ಈ ಮಗಳು ಯಾಕೆ ಬೇಜಾರು ಮಾಡ್ಕೊಳ್ತಾಳೆ ಅಂತ ನನಗೆ ತಿಳೀಲಿಲ್ಲ.

ಮರಳುಗಾಡಿನ_ಮಲ್ಲಿಗೆ
ಮೊದಲೇ ಬರೆದಿಟ್ಟಿದ್ದಕ್ಕಲ್ಲ ಸಾರ್, ಕಾಯಿಲೆ ಮುಚ್ಚಿಟ್ಟಿದ್ದಕ್ಕೆ. ನಮ್ಮಪ್ಪನೂ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಹದಿನೈದು ದಿನ ಹೇಳಿರಲಿಲ್ಲ. 'ನೀನು ಅಲ್ಲಿಂದ ಏನು ಮಾಡ್ತಿದ್ದೆ' ಅಂದರು. ಸರಿ, ಏನೂ ಮಾಡ್ತಿರಲಿಲ್ಲ. ಆದರೂ ನನಗೆ ಹೇಳಬೇಕಿತ್ತು. ಕಡಲೆಪುರಿಯವರೇ, ಆ ಮೇಷ್ಟ್ರನ್ನು ದೇವರು ಮಾಡಬೇಡಿ. ಅವರು ಮಾಡಿದ್ದು ತಪ್ಪು.

ಸುಮ್ನೆ_ಒಬ್ಬ
ತಪ್ಪು ಅನ್ನೋದು ನಿಮ್ಮ ಕಡೆಯಿಂದ. ಅವಳು ಬಂದಿದ್ದರೆ ನಾಲ್ಕು ವಾರ ಇದ್ದು ಹೋಗ್ತಿದ್ದಳು. ಡಯಾಲಿಸಿಸ್ ನಾಲ್ಕು ವಾರದ್ದಲ್ಲ.

ಮರಳುಗಾಡಿನ_ಮಲ್ಲಿಗೆ
ಅದನ್ನು ತೀರ್ಮಾನ ಮಾಡಬೇಕಾದವಳು ಅವಳು.

ಕಡಲೆಪುರಿ
ನೀವು ಜಗಳ ಆಡ್ತಿರಿ, ನಾನು ನಿನ್ನೆ ರಾತ್ರಿ ಕೂತು ಕೊನೇ ಭಾಗ ತಿದ್ದಿದೆ. ಅಪ್ಪ ಸಾಯಲ್ಲ. ಹಾಕ್ತೀನಿ ನೋಡಿ:

'ರೈಲು ಬರೋಕೆ ಇನ್ನೂ ನಾಲ್ಕು ನಿಮಿಷ ಇತ್ತು. ಎಂಟು ಗಂಟೆಗೆ ಸರಿಯಾಗಿ ಮೆಸೇಜು ಬಂತು. "ಇವತ್ತಿನ ಪೇಪರಿನದು. ಹಿಂದಿನಿಂದ ಓದಿದರೂ ಹೊಸ ಬದುಕೇ (5)." ಅವಳು ಉತ್ತರ ಟೈಪ್ ಮಾಡಿ, ಅಳಿಸಿದಳು. ನಿನ್ನೆ ಯುಗಾದಿ. ಚಿಕ್ಕವಳಿದ್ದಾಗ ಹಬ್ಬದ ಮಾರನೇ ದಿನ ಅಪ್ಪ ಗೇಟಿನ ಹತ್ತಿರ ಹೋಗಿ, ಪೇಪರಿಲ್ಲ ಅಂತ ನೆನಪಾಗಿ, ಬರಿಗೈಯಲ್ಲಿ ವಾಪಸ್ ಬರ್ತಿದ್ದರು. ಅಪ್ಪನ ಹೆಸರಿನ ಕೆಳಗೆ ಕೊನೇ ಸಲ ಆಪ್ ನೋಡಿದ ಟೈಮ್ ಕಾಣ್ತಿತ್ತು: ಐದು ಹತ್ತು. ಅಲ್ಲಿಯ ಮಧ್ಯಾಹ್ನ ಎರಡು ನಲವತ್ತು. ಮೆಸೇಜು ಬಂದಿದ್ದು ಈಗ. ಅವಳು ಹಿಂದಕ್ಕೆ ಸರಿಸುತ್ತಾ ಹೋದಳು. ಏಳು, ಏಳು, ಎಂಟು, ಏಳು, ಎಂಟು. ರೈಲು ಬಂತು. ಹತ್ತಲಿಲ್ಲ. ಪಕ್ಕದ ಮನೆ ಸರೋಜಮ್ಮನ ನಂಬರಿಗೆ ಫೋನ್ ಮಾಡಿದಳು. "ಆಂಟಿ, ಅಪ್ಪ ಎಲ್ಲಿ?" ಸರೋಜಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತು ಸೋಮವಾರ ಅಲ್ವಾ ಪುಟ್ಟಿ" ಅಂದರು.'

ಅಲ್ಲಿಗೆ ನಿಲ್ಲಿಸಿದ್ದೇನೆ.

ರಾತ್ರಿಪಾಳಿ
ಆ ಕೊನೇ ಮಾತು ಸರಿ ಇದೆ. ನಮ್ಮ ಬೀದಿಯಲ್ಲೂ ನಮ್ಮಮ್ಮನ ದಿನಗಳು ಎಲ್ಲರಿಗೂ ಬಾಯಿಪಾಠ ಆಗಿದ್ದವು. ಆಟೋದವನು ಕೇಳದೆ ಬಂದು ನಿಲ್ತಿದ್ದ.

ಗಡಿಯಾರದ_ಮಾಮ
ಲೆಕ್ಕ ಸರಿ. ಅಲ್ಲಿಯ ಐದು ಹತ್ತು, ಇಲ್ಲಿಯ ಎರಡು ನಲವತ್ತು, ಒಂಬತ್ತೂವರೆ ಗಂಟೆ ಅಂತರ. ಶೆಡ್ಯೂಲ್ ಮೆಸೇಜು ಹೋದಾಗ ಆ ಕೊನೇ ಟೈಮ್ ಬದಲಾಗಲ್ಲ ಅನ್ನೋದನ್ನು ನನ್ನ ಎರಡು ನಂಬರಿನಲ್ಲಿ ಹಾಕಿ ನೋಡಿದೆ. ಆದರೆ ಮೇಷ್ಟ್ರು ಮೂರು ವಾರ ಗಡಿಯಾರದ ಎಡವಟ್ಟು ಗಮನಿಸಲಿಲ್ಲ ಅನ್ನೋದು ಇನ್ನೂ ಒಪ್ಪಿಗೆ ಆಗ್ತಿಲ್ಲ. ಉಳಿದ ದಿನ ನಾಲ್ಕೂವರೆಗೆ ಕಳಿಸೋ ಮನುಷ್ಯ ಆ ಹತ್ತನ್ನೂ ತಿದ್ದುತ್ತಿದ್ದ. ಒತ್ತಿ ಹಿಡಿದರೆ ಟೈಮ್ ಬದಲಾಯಿಸಬಹುದು.

ಸುಮ್ನೆ_ಒಬ್ಬ
ಇಡೋದನ್ನು ಪಕ್ಕದ ಮನೆ ಹುಡುಗನ ಕೈಲಿ ಮಾಡಿಸಿರಬಹುದು. ತಿದ್ದೋದು ಮೇಷ್ಟ್ರಿಗೆ ಗೊತ್ತಿಲ್ಲ. ಹುಡುಗನಿಗೆ ಪರೀಕ್ಷೆ.

ಬೆಣ್ಣೆದೋಸೆ
ಅಥವಾ ಬೇಕು ಅಂತಲೇ ಬಿಟ್ಟಿರಬಹುದು. ಮಗಳು ಕಂಡುಹಿಡೀಲಿ ಅಂತ.

ಮರಳುಗಾಡಿನ_ಮಲ್ಲಿಗೆ
ಬೇಕು ಅಂತಲೇ ಬಿಟ್ಟಿದ್ದರೆ ನನಗೆ ಇನ್ನೂ ಸಿಟ್ಟು ಬರುತ್ತೆ.

ಕಡಲೆಪುರಿ
ಬೇಕು ಅಂತಲಾ, ಇಲ್ಲವಾ, ನನಗೂ ಗೊತ್ತಿಲ್ಲ. ಕತೆಯಲ್ಲಿ ಹೇಳಲ್ಲ.

ಪದಬಂಧ_ಪ್ರಿಯೆ
ಹೇಳಬೇಡಿ. ಆದರೆ ಆ ಸುಳಿವು ಬದಲಾಯಿಸಿ, ಇಲ್ಲಿ ಲೆಸ್ಟರಿನವರು ಒಂದೇ ನಿಮಿಷಕ್ಕೆ ಬಿಡಿಸಿದರು. ಮೇಷ್ಟ್ರ ಮಗಳಿಗೆ ಅದು ತೀರಾ ಸುಲಭ ಆಯ್ತು. ನನ್ನ ಹತ್ತಿರ ಏಳು ಅಕ್ಷರದ್ದು ಒಂದಿದೆ, ಬೇಕಾದರೆ ಕೇಳಿ, ಇಲ್ಲಿ ಹಾಕಲ್ಲ.